ಲೋಗೋ ಬಂತು, ಆಟ ಹೋಯಿತು



ಕಂಪ್ಯೂಟರಿನಲ್ಲಿ ಹೊಸ ಆಟ ಹಾಕಿಕೊಂಡಿದ್ದೀರಿ. ತೆರೆಯುತ್ತೀರಿ. ಪರದೆ ಕಪ್ಪಾಗುತ್ತದೆ, ಆಟ ಮಾಡಿದ ಕಂಪನಿಯ ಲೋಗೋ ಮೂಡುತ್ತದೆ, ಒಂದೆರಡು ಸೆಕೆಂಡು ನಿಲ್ಲುತ್ತದೆ. ಅಷ್ಟರಲ್ಲೇ ಆಟ ಮಾಯ. ಮತ್ತೆ ಮೊದಲಿನ ಡೆಸ್ಕ್‌ಟಾಪ್. ಏನು ತಪ್ಪಾಯಿತು ಎಂದು ಹೇಳುವ ಒಂದು ಮಾತೂ ಪರದೆಯ ಮೇಲೆ ಬರುವುದಿಲ್ಲ.

ಅಕ್ಕಲಕೋಟೆ ತಾಲೂಕಿನ ಮೈಂದರ್ಗಿಯ ಹುಡುಗನೊಬ್ಬ ಕಂಪ್ಯೂಟರ್ ಬಲ್ಲ ಹಿರಿಯರ ಬಳಿ ಬಂದು ಇದನ್ನೇ ಹೇಳಿದ ಎಂದುಕೊಳ್ಳಿ. "ಕಾಕಾ, ಲೋಗೋ ಬರ್ತದ, ಕೂಡ್ಲೇ ಬಂದ್ ಆಗ್ತದ. ಮೂರು ಸಲ ತಗದು ಹಾಕೀನಿ, ಅಷ್ಟೇ ಮಾಡ್ತದ." ಬಹಳ ಮಂದಿ ಮಾಡುವುದು ಇದನ್ನೇ. ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಕೊನೆಗೆ ಕಂಪ್ಯೂಟರ್ ಹಳೆಯದಾಯಿತು ಎಂದು ಕೈಚೆಲ್ಲುವುದು. ಆದರೆ ಆಟ ಬೀಳುವಾಗ ಸಾಮಾನ್ಯವಾಗಿ ಎರಡು ಕಡೆ ಬರವಣಿಗೆ ಉಳಿದಿರುತ್ತದೆ. ಒಂದನ್ನು ವಿಂಡೋಸ್ ಬರೆದಿಟ್ಟಿರುತ್ತದೆ. ಇನ್ನೊಂದನ್ನು ಆಟವೇ ಬರೆದಿರುತ್ತದೆ. ಇವಕ್ಕೇ ಕ್ರ್ಯಾಶ್ ಲಾಗ್ ಎನ್ನುವುದು.

ಆಟ ಬೀಳಲು ಕಾರಣಗಳು ಹಲವು. ಅವೆಲ್ಲವನ್ನೂ ಇಂದು ಹೇಳುವುದಿಲ್ಲ. ಒಂದೇ ಒಂದು ಕಾರಣವನ್ನು ಹಿಡಿದು ಕೊನೆಯವರೆಗೆ ಹೋಗೋಣ. ಕಂಪ್ಯೂಟರಿನ ಖಾತೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಹೆಸರು ಇಟ್ಟಿದ್ದರೆ ಕೆಲವು ಆಟಗಳು ಲೋಗೋ ಆದಮೇಲೆ ಬೀಳುತ್ತವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಇರುವ ಮೈಂದರ್ಗಿಯಂಥ ಊರಿನಲ್ಲಿ ಈ ಕಾರಣವನ್ನು ತಿಳಿದಿರಬೇಕು. ಅದನ್ನು ಲಾಗ್‌ನಲ್ಲಿ ಕಣ್ಣಾರೆ ನೋಡಬಹುದು, ಅನುಮಾನವಿಲ್ಲದೆ ಸಾಬೀತು ಮಾಡಬಹುದು.

ಮೊದಲ ಪ್ರಶ್ನೆ. ಆಟ ಲೋಗೋ ಆದಮೇಲೆಯೇ ಏಕೆ ಬೀಳುತ್ತದೆ?

ಲೋಗೋ ಎಂಬುದು ಆಟದ ಸ್ವಂತ ಫೈಲುಗಳ ಜೊತೆಯಲ್ಲೇ ಬಂದ ಚಿತ್ರ. ಅದನ್ನು ತೋರಿಸಲು ಆಟಕ್ಕೆ ನಿಮ್ಮ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ಆಟದ ಮುಖ್ಯ ಪ್ರೋಗ್ರಾಂ ತೆರೆದುಕೊಳ್ಳಬೇಕು, ಅದಕ್ಕೆ ಬೇಕಾದ ಡಿಎಲ್‌ಎಲ್ ಫೈಲುಗಳು ಸಿಗಬೇಕು, ಗ್ರಾಫಿಕ್ಸ್ ಡ್ರೈವರ್ ಒಂದು ಕಿಟಕಿ ತೆರೆದು ಕೊಡಬೇಕು. ಅಷ್ಟಾದರೆ ಲೋಗೋ ಕಾಣುತ್ತದೆ. ಹಾಗಾಗಿ ಲೋಗೋ ಕಂಡಿದೆ ಎಂದರೆ ಈ ಮೂರೂ ಕೆಲಸ ಬಹುಮಟ್ಟಿಗೆ ನಡೆದಿವೆ ಎಂದರ್ಥ. ಡಿಎಲ್‌ಎಲ್ ಇಲ್ಲದೆ ಹೋಗಿದ್ದರೆ ಆಟ ಸಾಮಾನ್ಯವಾಗಿ ಲೋಗೋವರೆಗೂ ಬರುತ್ತಿರಲಿಲ್ಲ.

ಲೋಗೋ ಆದಮೇಲೆ ಆಟ ನಿಮ್ಮ ಕಡೆ ತಿರುಗುತ್ತದೆ. ಹಿಂದೆ ಆಡಿದ್ದೀರಾ? ಧ್ವನಿ ಎಷ್ಟಿಟ್ಟಿದ್ದೀರಿ? ಯಾವ ಹಂತದಲ್ಲಿ ನಿಲ್ಲಿಸಿದ್ದಿರಿ? ಇವೆಲ್ಲ ನಿಮ್ಮ ಖಾತೆಯ ಫೋಲ್ಡರಿನಲ್ಲಿ ಇರುತ್ತವೆ. ವಿಂಡೋಸ್‌ನಲ್ಲಿ ಆ ಫೋಲ್ಡರ್ `C:\Users` ಒಳಗೆ, ನಿಮ್ಮ ಹೆಸರಿನಲ್ಲಿ ಇರುತ್ತದೆ. ಆಟವನ್ನು ಮೊದಲ ಸಲ ತೆರೆಯುವವರಿಗೆ ಅಲ್ಲಿ ಇನ್ನೂ ಏನೂ ಇರುವುದಿಲ್ಲ. ಆಗ ಆಟವೇ ಅಲ್ಲೊಂದು ಹೊಸ ಫೋಲ್ಡರ್ ಮಾಡಿ, ಸೆಟ್ಟಿಂಗ್ಸ್ ಫೈಲು ಬರೆಯಲು ಹೊರಡುತ್ತದೆ. ಲೋಗೋ ಬಂದು ಹೋಗುವ ಆ ಒಂದೆರಡು ಸೆಕೆಂಡಿನಲ್ಲಿ ನಡೆಯುವ ಕೆಲಸಗಳಲ್ಲಿ ಇದೂ ಒಂದು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಲೋಗೋ ಕಂಡರೆ ಆಟದ ಸ್ವಂತ ಫೈಲುಗಳು ಬಹುಮಟ್ಟಿಗೆ ಸರಿ ಇವೆ. ಅನುಮಾನ ಪಡಬೇಕಾದದ್ದು ಲೋಗೋ ನಂತರದ ಕೆಲಸದ ಮೇಲೆ. ಆ ಕೆಲಸ ಎಲ್ಲಿ ನಿಂತಿತು ಎಂದು ತಿಳಿಯಲು ಈಗ ವಿಂಡೋಸ್ ಬರೆದಿಟ್ಟ ದಾಖಲೆಗೆ ಹೋಗೋಣ.

ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀಲಿ ಮತ್ತು ಆರ್ ಅಕ್ಷರವನ್ನು ಒಟ್ಟಿಗೆ ಒತ್ತಿ. ಒಂದು ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಹೀಗೆ ಬರೆದು ಎಂಟರ್ ಕೊಡಿ.

```
eventvwr.msc
```

ಇವೆಂಟ್ ವ್ಯೂವರ್ ತೆರೆಯುತ್ತದೆ. ಎಡಗಡೆ ಪಟ್ಟಿಯಲ್ಲಿ `Windows Logs` ಎಂದಿದೆ. ಅದನ್ನು ಬಿಡಿಸಿ, ಒಳಗಿನ `Application` ಒತ್ತಿ. ಮಧ್ಯದಲ್ಲಿ ಉದ್ದನೆಯ ಪಟ್ಟಿ ಬರುತ್ತದೆ. ನೂರಾರು ಸಾಲುಗಳನ್ನು ಕಂಡು ಗಾಬರಿಯಾಗಬೇಡಿ. ಆಟ ಬಿದ್ದ ಹೊತ್ತಿನ ಬಳಿ, ಕೆಂಪು ಗುರುತಿನ `Error` ಸಾಲನ್ನು ಹುಡುಕಿ. ಅದರ ಮೂಲ `Application Error` ಎಂದೂ, ಅದರ ಸಂಖ್ಯೆ 1000 ಎಂದೂ ಇರಬೇಕು. ಅದನ್ನು ಒತ್ತಿದರೆ ಕೆಳಗೆ ವಿವರ ಕಾಣುತ್ತದೆ. ಅದರಲ್ಲಿ ನಮಗೆ ಬೇಕಾದ್ದು ನಾಲ್ಕೇ ಸಾಲು. ಒಂದು ಮಾದರಿ ಇಲ್ಲಿದೆ.

```
Faulting application name: game.exe
Faulting module name: ucrtbase.dll
Exception code: 0xc0000409
Fault offset: 0x000000000007a4f2
```

ಮೊದಲ ಸಾಲು ಬಿದ್ದ ಪ್ರೋಗ್ರಾಂನ ಹೆಸರು. ಇದು ನಿಮ್ಮ ಆಟದ್ದೇ ಹೌದೇ ಎಂದು ನೋಡಿಕೊಳ್ಳಿ. ಅದೇ ಹೊತ್ತಿಗೆ ಬೇರೆ ಪ್ರೋಗ್ರಾಂ ಬಿದ್ದಿದ್ದರೆ ಅದರ ಸಾಲೂ ಅಲ್ಲೇ ಇರಬಹುದು.

ಎರಡನೆಯ ಸಾಲು, ಯಾವ ಫೈಲಿನ ಒಳಗೆ ಇದ್ದಾಗ ಆಟ ಬಿತ್ತು ಎಂದು ಹೇಳುತ್ತದೆ. ಇಲ್ಲಿ ಜನ ಮೋಸ ಹೋಗುತ್ತಾರೆ. ಬಿದ್ದ ಜಾಗ ಬೇರೆ, ಬೀಳಿಸಿದ ಕಾರಣ ಬೇರೆ. ನಮ್ಮ ಮಾದರಿಯಲ್ಲಿ `ucrtbase.dll` ಎಂದಿದೆ. ಅದು ವಿಂಡೋಸ್‌ನ ಸ್ವಂತ ಫೈಲು. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳಿಗೆ ಫೈಲು ತೆರೆಯುವ, ಓದುವ, ಬರೆಯುವ ಕೆಲಸಗಳನ್ನು ಅದು ಮಾಡಿಕೊಡುತ್ತದೆ. ಆ ಹೆಸರು ಕಂಡೊಡನೆ ಅಂತರ್ಜಾಲದಿಂದ ಇನ್ನೊಂದು `ucrtbase.dll` ಇಳಿಸಿ ಹಾಕುವವರಿದ್ದಾರೆ. ಹಾಗೆ ಮಾಡಬಾರದು. ಆ ಫೈಲು ಕೆಟ್ಟಿಲ್ಲ. ಆಟ ಅದರ ಕೈಗೆ ಕೆಟ್ಟ ಕೆಲಸ ಕೊಟ್ಟಿದೆ.

ಮೂರನೆಯ ಸಾಲು ತಪ್ಪಿನ ಬಗೆ. ಇಲ್ಲಿ ಹೆಚ್ಚಾಗಿ ಕಾಣುವುದು ಎರಡು ಸಂಖ್ಯೆ. ಒಂದು `0xc0000005`. ಮುಟ್ಟಬಾರದ ನೆನಪಿನ ಜಾಗವನ್ನು, ಎಂದರೆ ತನ್ನದಲ್ಲದ ಮೆಮರಿಯನ್ನು ಆಟ ಮುಟ್ಟಿತು ಎಂದು ಅದರ ಅರ್ಥ. ಇನ್ನೊಂದು ನಮ್ಮ ಮಾದರಿಯಲ್ಲಿರುವ `0xc0000409`. ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇದಕ್ಕೆ ಸ್ಟ್ಯಾಕ್ ಬಫರ್ ಓವರ್‌ರನ್ ಎಂಬ ಹೆಸರಿದೆ. ಹೆಸರು ಓದಿದರೆ ಯಾರೋ ವೈರಸ್ ಬಿಟ್ಟಂತೆ ತೋರುತ್ತದೆ. ಆದರೆ ಇಂದಿನ ವಿಂಡೋಸ್‌ನಲ್ಲಿ ಈ ಸಂಖ್ಯೆಗೆ ಇನ್ನೂ ವಿಶಾಲವಾದ ಬಳಕೆ ಇದೆ. ಮುಂದೆ ಹೋಗುವುದು ಸುರಕ್ಷಿತವಲ್ಲ ಎಂದು ಪ್ರೋಗ್ರಾಂ ತಾನೇ ತನ್ನನ್ನು ನಿಲ್ಲಿಸಿಕೊಂಡಾಗಲೂ ಇದೇ ಸಂಖ್ಯೆ ಬೀಳುತ್ತದೆ.

ಎರಡನೆಯ ಮತ್ತು ಮೂರನೆಯ ಸಾಲನ್ನು ಜೋಡಿಸಿ ಓದಿದರೆ ಅರ್ಥ ಬಿಚ್ಚಿಕೊಳ್ಳುತ್ತದೆ. ಫೈಲಿನ ಕೆಲಸ ಮಾಡುವ `ucrtbase.dll` ಒಳಗೆ, ಮುಂದೆ ಹೋಗಲಾರೆ ಎಂದು ಆಟ ನಿಂತಿದೆ. ತೆರೆಯದೇ ಇರುವ ಫೈಲನ್ನು ಓದು ಎಂದು ಆಟ ಕೇಳಿದಾಗ ಹೀಗಾಗುತ್ತದೆ. ಫೈಲು ತೆರೆಯಿತೇ ಇಲ್ಲವೇ ಎಂದು ಆಟ ಬರೆದವರು ಪರೀಕ್ಷೆ ಮಾಡಿಲ್ಲ. ನೇರವಾಗಿ ಓದಲು ಹೋಗಿದ್ದಾರೆ. ಹೀಗೆ ನಿಲ್ಲಲು ಬೇರೆ ಕಾರಣವೂ ಇರಬಹುದು. ಆದ್ದರಿಂದ ಇದು ಬಲವಾದ ಅನುಮಾನ, ಇನ್ನೂ ತೀರ್ಮಾನವಲ್ಲ.

ನಾಲ್ಕನೆಯ ಸಾಲಿನ ಉದ್ದ ಸಂಖ್ಯೆಯ ಅರ್ಥ ಆಟ ಬರೆದವರಿಗೆ ಮಾತ್ರ ಆಗುತ್ತದೆ. ನಮಗೆ ಅದರಿಂದ ಒಂದೇ ಉಪಯೋಗ. ಆಟ ಪ್ರತಿ ಸಲ ಬಿದ್ದಾಗಲೂ ಈ ಸಂಖ್ಯೆ ಒಂದೇ ಇದ್ದರೆ, ಅದು ಪ್ರತಿ ಸಲ ಒಂದೇ ಜಾಗದಲ್ಲಿ ಬೀಳುತ್ತಿದೆ. ಸಲಸಲಕ್ಕೂ ಫೈಲಿನ ಹೆಸರೂ ಸಂಖ್ಯೆಯೂ ಬದಲಾಗುತ್ತಿದ್ದರೆ ಮೆಮರಿಯ ಚಿಪ್ಪನ್ನೋ ಬಿಸಿಯನ್ನೋ ಅನುಮಾನಿಸಬೇಕು. ಖಾತೆಯ ಹೆಸರಿನಿಂದ ಆದ ತಪ್ಪು ತಪ್ಪದೆ ಒಂದೇ ಜಾಗದಲ್ಲಿ ಆಗುತ್ತದೆ.

ಇಷ್ಟು ಆಯಿತು. ಲೋಗೋ ನಂತರದ ಕೆಲಸದಲ್ಲಿ ತೊಡಕು ಇದೆ ಎಂದು ಮೊದಲು ಕಂಡೆವು. ತೊಡಕು ಒಂದು ಫೈಲು ತೆರೆಯುವಲ್ಲಿ ಇರಬಹುದು ಎಂದು ವಿಂಡೋಸ್ ದಾಖಲೆಯಿಂದ ಊಹಿಸಿದೆವು. ಯಾವ ಫೈಲು? ಅದನ್ನು ವಿಂಡೋಸ್ ಹೇಳುವುದಿಲ್ಲ. ಆಟದ ಸ್ವಂತ ಲಾಗ್ ಹೇಳುತ್ತದೆ.

ಆ ಲಾಗ್ ಎಲ್ಲಿರುತ್ತದೆ? ಆಟ ಯಾವ ಎಂಜಿನ್ ಮೇಲೆ ಕಟ್ಟಿದ್ದು ಎಂಬುದರ ಮೇಲೆ ಹೋಗುತ್ತದೆ. ಯೂನಿಟಿ ಎಂಜಿನ್ನಿನ ಆಟವಾದರೆ ನಿಮ್ಮ ಖಾತೆಯ ಫೋಲ್ಡರಿನಲ್ಲಿ `AppData`, ಅದರೊಳಗೆ `LocalLow`, ಅದರೊಳಗೆ ಕಂಪನಿಯ ಹೆಸರು, ಆಟದ ಹೆಸರು. ಅಲ್ಲಿ `Player.log` ಎಂಬ ಫೈಲು ಇರುತ್ತದೆ. ಅನ್‌ರಿಯಲ್ ಎಂಜಿನ್ನಿನದಾದರೆ `AppData`, `Local`, ಆಟದ ಹೆಸರು, `Saved`, ಕೊನೆಗೆ `Logs`. `AppData` ಬಚ್ಚಿಟ್ಟ ಫೋಲ್ಡರ್. ಅದು ಕಾಣಬೇಕಾದರೆ ಫೈಲ್ ಎಕ್ಸ್‌ಪ್ಲೋರರಿನ `View` ಪಟ್ಟಿಯಲ್ಲಿ `Hidden items` ಆರಿಸಬೇಕು. ಇನ್ನು ಸಣ್ಣ ಆಟಗಳು, ಹಳೆಯ ಆಟಗಳು ಲಾಗ್ ಅನ್ನು ತಮ್ಮದೇ ಫೋಲ್ಡರಿನಲ್ಲಿ, ಆಟದ ಪ್ರೋಗ್ರಾಂ ಪಕ್ಕದಲ್ಲೇ ಬರೆಯುತ್ತವೆ. ನಾವೀಗ ನೋಡುವ ಮಾದರಿ ಇಂಥದು.

ಲಾಗ್ ಸಿಕ್ಕಿದ ಕೂಡಲೇ ಅದರ ಒಂದು ಪ್ರತಿ ಮಾಡಿ ಬೇರೆ ಕಡೆ ಇಡಿ. ಏಕೆಂದರೆ ಆಟವನ್ನು ಮತ್ತೆ ತೆರೆದರೆ ಬಹಳಷ್ಟು ಆಟಗಳು ಹಳೆಯ ಲಾಗ್ ಅಳಿಸಿ ಹೊಸದು ಬರೆಯುತ್ತವೆ. ಯೂನಿಟಿ ಆಟಗಳು ಹಿಂದಿನ ಸಲದ್ದನ್ನು `Player-prev.log` ಎಂದು ಉಳಿಸುತ್ತವೆ. ಅದೂ ಒಂದೇ ಸಲದ್ದು. ಎರಡು ಸಲ ತೆರೆದರೆ ಮೊದಲಿನದು ಹೋದಂತೆಯೇ.

ಈಗ ಓದುವ ಬಗೆ. ಲಾಗ್ ಅನ್ನು ಕೊನೆಯಿಂದ ಮೇಲಕ್ಕೆ ಓದಬೇಕು. ಬಿದ್ದ ಹೊತ್ತು ಕೊನೆಯಲ್ಲಿ ಇರುತ್ತದೆ. ಅಲ್ಲಿಂದ ಒಂದೊಂದೇ ಸಾಲು ಮೇಲೇರುತ್ತ ಸೋಲಿನ ಮಾತನ್ನು ಹುಡುಕಬೇಕು. `failed`, `error`, `could not`, `null` ಇಂಥ ಶಬ್ದಗಳು. ಒಂದರ ಮೇಲೊಂದು ಸೋಲು ಇದ್ದರೆ ಎಲ್ಲಕ್ಕಿಂತ ಮೇಲಿನದು ಮೂಲ. ಕೆಳಗಿನವು ಅದರ ಮಕ್ಕಳು. ಆದರೆ ಒಂದು ಮಾತು ನೆನಪಿರಲಿ. ಆಟ ಸಾಲುಗಳನ್ನು ಕೂಡಿಹಾಕಿಕೊಂಡು ಒಟ್ಟಿಗೆ ಡಿಸ್ಕಿಗೆ ಬರೆಯುವುದುಂಟು. ದಿಢೀರ್ ಬಿದ್ದಾಗ ಕೊನೆಯ ಕೆಲವು ಸಾಲು ಬರೆಯದೇ ಹೋಗಿರಬಹುದು. ಹೀಗಾಗಿ ಲಾಗ್‌ನ ಕೊನೆಯ ಸಾಲು, ಆಟ ಇಲ್ಲಿಯವರೆಗೆ ಖಂಡಿತ ಬಂದಿತ್ತು ಎನ್ನುವುದಕ್ಕಷ್ಟೇ ಸಾಕ್ಷಿ. ಸರಿಯಾಗಿ ಇಲ್ಲೇ ಬಿತ್ತು ಎನ್ನುವುದಕ್ಕಲ್ಲ.

ಒಂದು ಖಾತೆಗೆ ನಮ್ಮ ಊರಿನ ಹೆಸರನ್ನೇ ಕನ್ನಡದಲ್ಲಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಮೈಂದರ್ಗಿ. ಆ ಕಂಪ್ಯೂಟರಿನಲ್ಲಿ ಬಿದ್ದ ಆಟದ ಲಾಗ್‌ನ ತುದಿ ಈ ಮಾದರಿಯಲ್ಲಿ ಇರುತ್ತದೆ.

```
Renderer ready
Splash shown
User dir: C:\Users\????????\AppData\Roaming\Game
CreateDirectory failed: error 123
Loading settings.dat
```

ಕೆಳಗಿನಿಂದ ಓದೋಣ. ಕೊನೆಯ ಸಾಲು, ಸೆಟ್ಟಿಂಗ್ಸ್ ಫೈಲು ಓದಲು ಹೊರಟಿದ್ದೇನೆ ಎನ್ನುತ್ತದೆ. ಅದಾದ ಮೇಲೆ ಏನೂ ಇಲ್ಲ. ಅದರ ಮೇಲಿನ ಸಾಲು, ಫೋಲ್ಡರ್ ಮಾಡಲು ಹೋದೆ, ಆಗಲಿಲ್ಲ, ತಪ್ಪು 123 ಎನ್ನುತ್ತದೆ. ಅದಕ್ಕೂ ಮೇಲಿನ ಸಾಲಿನಲ್ಲಿ ಫೋಲ್ಡರಿನ ದಾರಿ ಇದೆ. ಅದರಲ್ಲಿ ಖಾತೆಯ ಹೆಸರು ಇರಬೇಕಾದ ಜಾಗದಲ್ಲಿ ಸಾಲಾಗಿ ಎಂಟು ಪ್ರಶ್ನೆ ಚಿಹ್ನೆ. ಇನ್ನೂ ಮೇಲೆ, ಲೋಗೋ ತೋರಿಸಿದ್ದಾಯಿತು ಎಂದಿದೆ. ನಾವು ಪರದೆಯ ಮೇಲೆ ಕಂಡದ್ದಕ್ಕೂ ಇದಕ್ಕೂ ತಾಳೆಯಾಯಿತು.

ತಪ್ಪು 123 ಎಂದರೆ ಏನು? ವಿಂಡೋಸನ್ನೇ ಕೇಳಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಬರೆಯಿರಿ.

```
net helpmsg 123
```

ಫೈಲಿನ ಅಥವಾ ಫೋಲ್ಡರಿನ ಹೆಸರು ಬರೆದ ರೀತಿ ಸರಿಯಿಲ್ಲ ಎಂಬ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರಿನ ಹೆಸರಿನಲ್ಲಿ ಪ್ರಶ್ನೆ ಚಿಹ್ನೆ ಇರಕೂಡದು. ಅದು ನಿಷಿದ್ಧ ಅಕ್ಷರ. ಆದ್ದರಿಂದ ಆ ದಾರಿಯನ್ನು ವಿಂಡೋಸ್ ಹುಡುಕಲೂ ಹೋಗುವುದಿಲ್ಲ, ಹೆಸರೇ ತಪ್ಪು ಎಂದು ತಳ್ಳಿಬಿಡುತ್ತದೆ. ಇದೇ ಜಾಗದಲ್ಲಿ ತಪ್ಪು 5 ಇದ್ದಿದ್ದರೆ, ಬರೆಯಲು ಅನುಮತಿ ಇಲ್ಲ ಎಂದಾಗುತ್ತಿತ್ತು. ಆಗ ಆಂಟಿವೈರಸ್ ಕಡೆ ನೋಡಬೇಕಿತ್ತು. ತಪ್ಪು 3 ಇದ್ದಿದ್ದರೆ, ಆ ದಾರಿಯೇ ಇಲ್ಲ ಎಂದಾಗುತ್ತಿತ್ತು. ಒಂದು ಚಿಕ್ಕ ಸಂಖ್ಯೆ ನಮ್ಮನ್ನು ಮೂರು ಬೇರೆ ದಿಕ್ಕಿಗೆ ಕಳಿಸುತ್ತದೆ.

ಕಥೆ ಈಗ ಪೂರ್ತಿಯಾಗಿ ಜೋಡಣೆಯಾಯಿತು. ಹೆಸರು ಪ್ರಶ್ನೆ ಚಿಹ್ನೆಗಳಾಯಿತು. ಅದರಿಂದ ಫೋಲ್ಡರ್ ಆಗಲಿಲ್ಲ. ಫೋಲ್ಡರ್ ಇಲ್ಲದ್ದರಿಂದ ಫೈಲು ತೆರೆಯಲಿಲ್ಲ. ತೆರೆಯದ ಫೈಲನ್ನು ಓದಲು ಹೋಗಿ ಆಟ ಬಿತ್ತು. ಉಳಿದ ಪ್ರಶ್ನೆ ಒಂದೇ. ಕನ್ನಡದ ಹೆಸರು ಪ್ರಶ್ನೆ ಚಿಹ್ನೆಗಳಾಗುವುದು ಏಕೆ?

ವಿಂಡೋಸ್‌ನಲ್ಲಿ ಅಕ್ಷರಗಳನ್ನು ಇಡಲು ಎರಡು ಪದ್ಧತಿ ಇವೆ. ಹೊಸದು ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ, ದೇವನಾಗರಿಗೆ, ಜಗತ್ತಿನ ಉಳಿದ ಲಿಪಿಗಳಿಗೆ ತಮ್ಮತಮ್ಮ ಜಾಗ ಇದೆ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗಲೇ ಕನ್ನಡ ಅದರಲ್ಲಿತ್ತು. ಹಳೆಯದು ಕೋಡ್ ಪೇಜ್ ಪದ್ಧತಿ. ಅದರಲ್ಲಿ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಆದ್ದರಿಂದ ಒಟ್ಟು 256 ಮನೆ. ಅರ್ಧದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಉಳಿದ ಅರ್ಧ ಆಯಾ ಭಾಷೆಗೆ. ರಷ್ಯನ್ನಿಗೆ ಒಂದು ಕೋಡ್ ಪೇಜ್, ಗ್ರೀಕಿಗೆ ಒಂದು, ಪಶ್ಚಿಮ ಯೂರೋಪಿನ ಭಾಷೆಗಳಿಗೆ 1252 ಎಂಬ ಒಂದು.

ಇಡೀ ಕಂಪ್ಯೂಟರಿಗೆ ಆರಿಸಿಕೊಳ್ಳಬಲ್ಲ ಇಂಥದೊಂದು ಕೋಡ್ ಪೇಜ್ ಕನ್ನಡಕ್ಕೆ ವಿಂಡೋಸ್‌ನಲ್ಲಿ ಸಿಗಲೇ ಇಲ್ಲ. ಮರಾಠಿಗೂ ಇಲ್ಲ. ಕಾರಣ ಸರಳ. ವಿಂಡೋಸ್ 2000ದಲ್ಲಿ ದೇವನಾಗರಿ ಬಂತು. 2001ರ ಎಕ್ಸ್‌ಪಿಯಲ್ಲಿ ಕನ್ನಡ ಬಂತು. ಅಷ್ಟು ಹೊತ್ತಿಗೆ ಹೊಸ ಭಾಷೆಗಳನ್ನು ಯೂನಿಕೋಡಿನಲ್ಲಿ ಮಾತ್ರ ಸೇರಿಸುವ ಪದ್ಧತಿ ಬಂದಾಗಿತ್ತು. ನಮ್ಮ ಕಡೆಯ ಕಂಪ್ಯೂಟರುಗಳು ಸಾಮಾನ್ಯವಾಗಿ 1252ರಲ್ಲೇ ಇರುತ್ತವೆ.

ಯೂನಿಕೋಡಿನಲ್ಲಿ ಕೆಲಸ ಮಾಡುವ ಆಟಕ್ಕೆ ಕನ್ನಡದ ಫೋಲ್ಡರ್ ಒಂದು ತೊಂದರೆಯೇ ಅಲ್ಲ. ಹಳೆಯ ಪದ್ಧತಿಯಲ್ಲಿ ಕೇಳುವ ಆಟದ ಗತಿ ಬೇರೆ. ಬಳಕೆದಾರರ ಫೋಲ್ಡರ್ ಯಾವುದು ಎಂದು ಅದು ವಿಂಡೋಸನ್ನು ಕೇಳುತ್ತದೆ. ವಿಂಡೋಸ್ ಆ ಹೆಸರನ್ನು 1252ರ ಮನೆಗಳಲ್ಲಿ ಕೂರಿಸಲು ನೋಡುತ್ತದೆ. ಕನ್ನಡದ ಒಂದೂ ಅಕ್ಷರಕ್ಕೆ ಅಲ್ಲಿ ಮನೆ ಇಲ್ಲ. ಮನೆ ಸಿಗದ ಪ್ರತಿಯೊಂದರ ಬದಲಿಗೆ ಒಂದು ಪ್ರಶ್ನೆ ಚಿಹ್ನೆ ಇಟ್ಟು ಕೊಡುತ್ತದೆ. ವಿಳಾಸದಲ್ಲಿ ಊರಿನ ಹೆಸರು ಅಳಿಸಿಹೋದ ಪತ್ರದ ಹಾಗೆ. ಪಿನ್ ಕೋಡೂ ಓಣಿಯ ಹೆಸರೂ ಸರಿಯಿದ್ದು ಊರೇ ಇಲ್ಲ.

ಇನ್ನು ಆ ಎಂಟು ಚಿಹ್ನೆಗಳ ಲೆಕ್ಕ. ಮೈಂದರ್ಗಿ ಎಂದು ಬಾಯಲ್ಲಿ ಹೇಳಿದರೆ ಮೈಂ, ದ, ರ್ಗಿ, ಮೂರೇ ಅಕ್ಷರ. ಮೂರು ಪ್ರಶ್ನೆ ಚಿಹ್ನೆ ಏಕಿಲ್ಲ? ಯೂನಿಕೋಡ್ ಎಣಿಸುವುದು ಬೇರೆ ರೀತಿ. ಮ ಒಂದು, ಅದರ ಐತ್ವ ಎರಡು, ಸೊನ್ನೆ ಮೂರು, ದ ನಾಲ್ಕು, ರ ಐದು, ಹಲಂತ ಆರು, ಗ ಏಳು, ಗುಡಿಸು ಎಂಟು. ನಿಮ್ಮ ಖಾತೆಯ ಹೆಸರನ್ನೂ ಹೀಗೆ ಬಿಡಿಸಿ ಎಣಿಸಿ. ಲಾಗ್‌ನಲ್ಲಿರುವ ಪ್ರಶ್ನೆ ಚಿಹ್ನೆಗಳಿಗೆ ಅದು ತಾಳೆಯಾದರೆ ಅಪರಾಧಿ ಸಿಕ್ಕಂತೆ. ಊರಿನ ಹೆಸರನ್ನು ಮರಾಠಿಯಲ್ಲಿ ಬರೆದರೂ ಎಂಟೇ ಆಗುತ್ತದೆ.

ಕೆಲವು ಲಾಗ್‌ಗಳಲ್ಲಿ ಪ್ರಶ್ನೆ ಚಿಹ್ನೆಯ ಬದಲು ಇನ್ನೊಂದು ಗುರುತು ಕಾಣುತ್ತದೆ. ಆಟ ಹೆಸರನ್ನು ಯೂನಿಕೋಡಿನ ಬೈಟುಗಳಾಗಿ ಇಟ್ಟುಕೊಂಡಿರುತ್ತದೆ, ಆದರೆ ಅವನ್ನು 1252 ಎಂದು ತಿಳಿದು ಓದಲಾಗುತ್ತದೆ. ಆಗ ಕನ್ನಡದ ಪ್ರತಿ ಅಕ್ಷರ ಮೂರು ವಿಚಿತ್ರ ಚಿಹ್ನೆಗಳಾಗಿ ಒಡೆಯುತ್ತದೆ. ಮೊದಲನೆಯದು ನೆತ್ತಿಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷಿನ ಸಣ್ಣ ಎ. ಎರಡನೆಯದು ಮೇಲಕ್ಕೇರಿಸಿ ಬರೆದ ಪುಟ್ಟ 2 ಅಥವಾ ಪುಟ್ಟ 3. ಎಂದರೆ `à²` ಅಥವಾ `à³`. ಮರಾಠಿ ಹೆಸರಾದರೆ ಅದೇ ಎ ಅಕ್ಷರದ ಪಕ್ಕದಲ್ಲಿ ಅಂಕಿಯ ಬದಲು ನಾಣ್ಯದ ಚಿಹ್ನೆಗಳು ಬರುತ್ತವೆ, `à¤` ಅಥವಾ `à¥`. ಹೀಗೆ ಕೆಟ್ಟುಹೋದ ಸಾಲನ್ನು ನೋಡಿಯೇ ಖಾತೆಯ ಹೆಸರು ಕನ್ನಡದಲ್ಲಿದೆಯೋ ಮರಾಠಿಯಲ್ಲಿದೆಯೋ ಹೇಳಬಹುದು. ಆದರೆ ಲಾಗ್ ಫೈಲನ್ನು ತೆರೆದ ಎಡಿಟರ್ ತಪ್ಪಾಗಿ ಓದಿದರೂ ಈ ಚಿಹ್ನೆಗಳು ಕಾಣುತ್ತವೆ. ಆದ್ದರಿಂದ ಇವು ಕಂಡಾಗ ಪಕ್ಕದಲ್ಲಿ ಸೋಲಿನ ಸಾಲೂ ಇದೆಯೇ ಎಂದು ನೋಡಬೇಕು. ಪ್ರಶ್ನೆ ಚಿಹ್ನೆಗಳಾದ ಹೆಸರಿನ ಜೊತೆ 123 ಇದ್ದರೆ ಇಂಥ ಗೊಂದಲವಿಲ್ಲ.

ಇಷ್ಟರಲ್ಲಿ ಕಾರಣ ಗೊತ್ತಾಯಿತು, ಗುರುತು ಗೊತ್ತಾಯಿತು. ಮುಂದೆ ಪರೀಕ್ಷೆ ಮತ್ತು ಪರಿಹಾರ.

ಮೊದಲು `C:\Users` ಫೋಲ್ಡರ್ ತೆರೆದು ನೋಡಿ. ನಿಮ್ಮ ಖಾತೆಯ ಫೋಲ್ಡರ್ ಹೆಸರು ಅಲ್ಲಿ ಕನ್ನಡದಲ್ಲಿದೆಯೇ? ಪರದೆಯ ಮೇಲೆ ಕಾಣುವ ಹೆಸರನ್ನು ನಂಬಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದವರಿಗೆ ಸಾಮಾನ್ಯವಾಗಿ ಇಮೇಲ್ ವಿಳಾಸದ ಮೊದಲ ಐದು ಅಕ್ಷರಗಳಿಂದ ಫೋಲ್ಡರ್ ಆಗುತ್ತದೆ. ಅದು ಇಂಗ್ಲಿಷಿನಲ್ಲೇ ಇರುತ್ತದೆ. ಆ ಕಂಪ್ಯೂಟರಿಗಷ್ಟೇ ಸೀಮಿತವಾದ ಖಾತೆ ಮಾಡಿ, ಹೆಸರನ್ನು ಕನ್ನಡದಲ್ಲಿ ಟೈಪು ಮಾಡಿದವರಿಗೆ ಫೋಲ್ಡರ್ ಕನ್ನಡದಲ್ಲಿ ಆಗುತ್ತದೆ.

ಈಗ ಒಂದು ತಪ್ಪು ದಾರಿಯ ಬಗ್ಗೆ. ಕಂಟ್ರೋಲ್ ಪ್ಯಾನಲಿನಲ್ಲಿ ಹೆಸರು ಬದಲಿಸಿದರೆ ಸಾಲದು. ಅಲ್ಲಿ ಬದಲಾಗುವುದು ಕಾಣುವ ಹೆಸರು ಮಾತ್ರ. ಫೋಲ್ಡರಿನ ಹೆಸರು ಖಾತೆ ಮಾಡಿದ ದಿನ ಏನಿತ್ತೋ ಅದೇ ಉಳಿಯುತ್ತದೆ. ಹಾಗೆಂದು ಆ ಫೋಲ್ಡರನ್ನು ಕೈಯಾರೆ ಮರುನಾಮಕರಣ ಮಾಡಲೂ ಹೋಗಬೇಡಿ. ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಹಳೆಯ ದಾರಿಯನ್ನೇ ಬರೆದುಕೊಂಡಿರುತ್ತದೆ. ಮುಂದಿನ ಸಲ ನಿಮ್ಮ ಕಡತಗಳು ಕಾಣದ ಖಾಲಿ ಖಾತೆಯೊಳಗೆ ನೀವು ಬಂದು ನಿಂತಿರುತ್ತೀರಿ. ಆಟವನ್ನು ಡಿ ಡ್ರೈವಿಗೆ ಸಾಗಿಸಿದರೂ ಉಪಯೋಗವಿಲ್ಲ. ಸೆಟ್ಟಿಂಗ್ಸ್ ಹೋಗುವುದು ಖಾತೆಯ ಫೋಲ್ಡರಿಗೇ.

ಸರಿಯಾದ ಪರೀಕ್ಷೆ, ಇಂಗ್ಲಿಷ್ ಅಕ್ಷರದ ಹೊಸ ಖಾತೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಬರೆಯಿರಿ.

```
net user aata * /add
```

ಎರಡು ಸಲ ಪಾಸ್‌ವರ್ಡ್ ಕೇಳುತ್ತದೆ. ಟೈಪು ಮಾಡುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಅದು ಸಹಜ. ಆಮೇಲೆ ನಿಮ್ಮ ಖಾತೆಯಿಂದ ಹೊರಬಂದು ಹೊಸ ಖಾತೆಗೆ ಹೋಗಿ ಆಟ ತೆರೆಯಿರಿ. ಲೋಗೋ ದಾಟಿ ಮೆನು ಬಂತೇ? ಬಂದರೆ ಹೆಸರೇ ಕಾರಣವೆಂದು ಬಹುಮಟ್ಟಿಗೆ ಖಚಿತವಾಯಿತು. ಹಳೆಯ ಲಾಗ್‌ನಲ್ಲಿ ಪ್ರಶ್ನೆ ಚಿಹ್ನೆಗಳೂ ಇದ್ದರೆ ಇನ್ನು ಅನುಮಾನವೇ ಬೇಡ. ಇನ್ನು ಮುಂದೆ ಆ ಖಾತೆಯಲ್ಲೇ ಆಡಬಹುದು. ನಿಮ್ಮ ಕನ್ನಡ ಖಾತೆ ಹಾಗೆಯೇ ಇರಲಿ.

ಇನ್ನೊಂದು ಪರಿಹಾರವೂ ಇದೆ. 2018ರ ನಂತರದ ವಿಂಡೋಸ್ 10 ಮತ್ತು ವಿಂಡೋಸ್ 11ರಲ್ಲಿ ಹಳೆಯ ಪದ್ಧತಿಯ ಪ್ರೋಗ್ರಾಂಗಳಿಗೂ ಯೂನಿಕೋಡನ್ನೇ ಕೊಡುವ ಆಯ್ಕೆ ಇದೆ. `intl.cpl` ತೆರೆದು, `Administrative` ಪುಟದಲ್ಲಿ `Change system locale` ಒತ್ತಿದರೆ, ಯುಟಿಎಫ್ 8 ಎಂದು ಹೇಳುವ ಒಂದು ಚೌಕ ಕಾಣುತ್ತದೆ. ಗುರುತು ಹಾಕಿ ಕಂಪ್ಯೂಟರನ್ನು ಮತ್ತೆ ಶುರು ಮಾಡಬೇಕು. ಬಹಳ ಆಟಗಳು ಇದರಿಂದ ನಡೆಯುತ್ತವೆ. ಆದರೆ ಅದರ ಪಕ್ಕದಲ್ಲಿ `Beta` ಎಂದು ಬರೆದಿರುವುದು ಸುಮ್ಮನೆ ಅಲ್ಲ. ಈ ಬದಲಾವಣೆ ಇಡೀ ಕಂಪ್ಯೂಟರಿಗೆ ಅನ್ವಯಿಸುತ್ತದೆ. ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕನ್ನಡ, ಮರಾಠಿ ಟೈಪು ಮಾಡುವ ಹಳೆಯ ತಂತ್ರಾಂಶಗಳು 1252ರ ಮೇಲರ್ಧದ ಮನೆಗಳನ್ನೇ ತಮ್ಮ ಅಕ್ಷರಗಳಿಗೆ ಬಳಸಿಕೊಂಡಿವೆ. ಲಗ್ನಪತ್ರಿಕೆ, ಕರಪತ್ರ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಇಂಥವು ಇನ್ನೂ ಇವೆ. ಈ ಚೌಕಕ್ಕೆ ಗುರುತು ಹಾಕಿದರೆ ಅಲ್ಲಿನ ಬರಹ ಕೆಡಬಹುದು. ಮನೆಯ ಕಂಪ್ಯೂಟರಿನಲ್ಲೇ ಅಂಗಡಿಯ ಕೆಲಸವೂ ನಡೆಯುತ್ತಿದ್ದರೆ ಹೊಸ ಖಾತೆಯ ದಾರಿಯೇ ಒಳ್ಳೆಯದು.

ಹೊಸ ಖಾತೆಯಲ್ಲೂ ಆಟ ಬಿದ್ದರೆ? ಆಗ ಇವೆಂಟ್ ವ್ಯೂವರಿನ ನಾಲ್ಕು ಸಾಲನ್ನು ಹಳೆಯದರ ಪಕ್ಕ ಇಟ್ಟು ನೋಡಿ. ನಾಲ್ಕೂ ಅವೇ ಇದ್ದರೆ ಹೆಸರಿನ ಮೇಲಿನ ಅನುಮಾನ ಬಿಡಿ, ಲಾಗ್‌ಗೆ ಮರಳಿ ಹೋಗಿ. ಬಿದ್ದ ಫೈಲಿನ ಹೆಸರು `nv` ಎಂದು ಶುರುವಾಗಿದ್ದರೆ ಅದು ಸಾಮಾನ್ಯವಾಗಿ ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್. ಹೊಸ ಡ್ರೈವರ್ ಹಾಕಿ ನೋಡಬೇಕು. ತಪ್ಪಿನ ಬಗೆ `0xc000001d` ಇದ್ದರೆ, ಪ್ರೊಸೆಸರಿಗೆ ಗೊತ್ತಿಲ್ಲದ ಆಜ್ಞೆಯನ್ನು ಆಟ ಕೊಟ್ಟಿದೆ. ಹಳೆಯ ಪ್ರೊಸೆಸರುಗಳಲ್ಲಿ ಇದು ಕಾಣುತ್ತದೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಇವೆಂಟ್ ವ್ಯೂವರಿನಲ್ಲಿ 1000 ಸಂಖ್ಯೆಯ ಸಾಲೇ ಇಲ್ಲದಿದ್ದರೆ ಅದೂ ಒಂದು ಸುದ್ದಿ. ಆಗ ಆಟ ಬಿದ್ದೇ ಇಲ್ಲದಿರಬಹುದು. ಏನೋ ಕೊರತೆ ಕಂಡು ತಾನೇ ಸದ್ದಿಲ್ಲದೆ ಬಾಗಿಲು ಹಾಕಿಕೊಂಡಿರಬಹುದು, ಇಲ್ಲವೇ ಆಂಟಿವೈರಸ್ ಅದನ್ನು ಹೊರದಬ್ಬಿರಬಹುದು. ಆಗ ಆಟದ ಸ್ವಂತ ಲಾಗ್ ಒಂದೇ ಆಧಾರ. ಅದೂ ಹುಟ್ಟಿರದಿದ್ದರೆ, ಲಾಗ್ ಬರೆಯಬೇಕಿದ್ದ ಜಾಗವೇ ಆ ಖಾತೆಯ ಫೋಲ್ಡರ್ ಆಗಿರಬಹುದು. ಹೆಸರು ಕನ್ನಡದಲ್ಲಿದ್ದರೆ ಅನುಮಾನ ಮತ್ತೆ ಅಲ್ಲಿಗೇ ಬರುತ್ತದೆ. ಹೊಸ ಖಾತೆಯ ಪರೀಕ್ಷೆ ಅಲ್ಲೂ ನಡೆಯುತ್ತದೆ.

ಕೊನೆಯದಾಗಿ ಒಮ್ಮೆ ಎಲ್ಲವನ್ನೂ ಹೇಳಿಬಿಡುತ್ತೇನೆ. ಆಟ ಬಿದ್ದ ಕೂಡಲೇ ಲಾಗ್‌ನ ಪ್ರತಿ ತೆಗೆದಿಡಿ. ಇವೆಂಟ್ ವ್ಯೂವರಿನಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ. ಲಾಗ್ ಅನ್ನು ಕೊನೆಯಿಂದ ಮೇಲಕ್ಕೆ ಓದಿ, ಎಲ್ಲಕ್ಕಿಂತ ಮೇಲಿನ ಸೋಲನ್ನು ಹಿಡಿಯಿರಿ. ದಾರಿಯಲ್ಲಿ ಪ್ರಶ್ನೆ ಚಿಹ್ನೆ ಇದ್ದರೆ ಎಣಿಸಿ. ಹೊಸ ಖಾತೆಯಲ್ಲಿ ಪರೀಕ್ಷಿಸಿ.

ಸಾಬೀತಾದ ಮೇಲೆ ಆಟ ಮಾಡಿದವರಿಗೆ ಒಂದು ಪತ್ರ ಬರೆಯಿರಿ. ಆ ನಾಲ್ಕು ಸಾಲು, ಲಾಗ್‌ನ ಕೊನೆಯ ಹತ್ತಿಪ್ಪತ್ತು ಸಾಲು, ವಿಂಡೋಸ್ ಯಾವುದು, ಖಾತೆಯ ಹೆಸರು ಕನ್ನಡ ಲಿಪಿಯಲ್ಲಿದೆ ಎಂಬ ಮಾತು. ಇಷ್ಟು ಸಾಕು. ಲಾಗ್‌ನಲ್ಲಿ ನಿಮ್ಮ ಇಮೇಲ್ ವಿಳಾಸ ಇದ್ದರೆ ಅಳಿಸಿ ಕಳಿಸಿ. ಅವರಿಗೆ ಇದು ದೊಡ್ಡ ಕೆಲಸವಲ್ಲ. ಖಾತೆಯ ಫೋಲ್ಡರ್ ಯಾವುದೆಂದು ಕೇಳುವಾಗಲೂ ಫೋಲ್ಡರ್ ಮಾಡುವಾಗಲೂ ಯೂನಿಕೋಡ್ ಪದ್ಧತಿಯನ್ನೇ ಬಳಸಿ, ಫೈಲು ತೆರೆಯುವ ಕಡೆಯಲ್ಲೆಲ್ಲ `fopen` ಬದಲು ಯೂನಿಕೋಡ್ ಬಲ್ಲ `_wfopen` ಹಾಕಬಹುದು. ಇಲ್ಲವೇ ಆಟದ ಜೊತೆಗಿರುವ ಮ್ಯಾನಿಫೆಸ್ಟ್ ಫೈಲಿನಲ್ಲಿ `activeCodePage` ಎಂಬ ಒಂದು ಸಾಲು ಸೇರಿಸಬಹುದು. 2019ರ ವಿಂಡೋಸ್ 10ರಿಂದ ಈಚೆಗೆ ಆ ಸೌಲಭ್ಯವಿದೆ. ಅದು ಆ ಒಂದು ಆಟಕ್ಕೆ ಮಾತ್ರ ಅನ್ವಯಿಸುತ್ತದೆ, ಡಿಟಿಪಿ ತಂತ್ರಾಂಶವನ್ನು ಮುಟ್ಟುವುದಿಲ್ಲ. ಆ ಸಾಲಿನ ಜೊತೆಗೆ, ಫೈಲು ತೆರೆಯಿತೇ ಎಂದು ನೋಡುವ ಒಂದು ಪರೀಕ್ಷೆಯನ್ನೂ ಸೇರಿಸಿ ಎಂದು ಕೇಳಿ. ಆಗ ಮುಂದೆ ಯಾವ ಕಾರಣಕ್ಕೆ ಫೈಲು ತೆರೆಯದಿದ್ದರೂ ಆಟ ಸುಮ್ಮನೆ ಮಾಯವಾಗದೆ, ಏನಾಯಿತು ಎಂದು ಪರದೆಯ ಮೇಲೆ ಹೇಳಿ ನಿಲ್ಲುತ್ತದೆ.